ಮಗುವಿಗೆ ಜ್ವರ ಬಂದಾಗ ಡಾಕ್ಟರಿಗೆ ತೋರಿಸೋಕೆ ಒಂದು ನೋಟ್‌ಬುಕ್: ಏನು ಬರೆಯಬೇಕು, ಹೇಗೆ ಬರೆಯಬೇಕು

"ಸಿಸ್ಟರ್, ಡಾಕ್ಟರ್ ಎಲ್ಲಾ ಬರದ ಇಟ್ಟಕೊಂಡ ಬರ್ರಿ ಅಂದ್ರು. ಏನ್ ಬರೀಬೇಕ್ರೀ?" ಈ ಪ್ರಶ್ನೆ ನನಗೆ ವಾರಕ್ಕೆ ನಾಲ್ಕೈದು ಸಲ ಬರುತ್ತದೆ. ಪ್ರತಿ ಸಲ ಬಾಯಿಯಲ್ಲಿ ಹೇಳಿ ಹೇಳಿ ಸಾಕಾಗಿ, ಈಗ ಒಂದೇ ಸಲ ಬರೆದು ಬಿಡೋಣ ಅಂತ ಕೂತಿದ್ದೇನೆ.

ನಾನು ಬಾಗಲಕೋಟೆಯಲ್ಲಿ ಮಕ್ಕಳ ದವಾಖಾನೆಯೊಂದರಲ್ಲಿ ನರ್ಸ್. ಡಾಕ್ಟರ್ ಕೋಣೆಗೆ ಹೋಗುವ ಮೊದಲು ತೂಕ, ಜ್ವರ ನೋಡಿ ಚೀಟಿ ಮೇಲೆ ಬರೆಯುವ ಟೇಬಲ್ ನನ್ನದು. ಅಲ್ಲಿ ದಿನಾ ನಡೆಯುವ ಮಾತು ಹೀಗಿರುತ್ತದೆ.

"ಕೂಸು ಉಚ್ಚಿ ಯಾವಾಗ ಹೊಯ್ದಿತ್ತವ್ವಾ?"

"ಮುಂಜಾನೆ ಹೊಯ್ದಿತ್ರೀ."

"ಎಷ್ಟೊತ್ತಿಗೆ?"

"ಅದ... ಮುಂಜಾನೆ. ರೊಟ್ಟಿ ಬಡಿಯೋ ಮುಂದ."

ರೊಟ್ಟಿ ಬಡಿಯುವ ಹೊತ್ತು ಒಂದು ಮನೆಯಲ್ಲಿ 5 ಗಂಟೆ, ಇನ್ನೊಂದು ಮನೆಯಲ್ಲಿ 9 ಗಂಟೆ. ಮಗುವಿಗೆ ಸಲೈನ್ ಬೇಕೋ ಬೇಡವೋ ಅನ್ನೋದು ಕೆಲವು ಸಲ ಆ ನಾಲ್ಕು ಗಂಟೆಯ ಮೇಲೆಯೇ ನಿಂತಿರುತ್ತದೆ. ತಾಯಿಯ ತಪ್ಪಲ್ಲ ಬಿಡಿ. ಎರಡು ರಾತ್ರಿ ನಿದ್ದೆ ಇಲ್ಲದವರಿಗೆ ಹೊತ್ತು ನೆನಪಿರೋದಿಲ್ಲ. ಅದಕ್ಕೇ ನೋಟ್‌ಬುಕ್.

ಇದು 3 ತಿಂಗಳಿಂದ 5 ವರ್ಷದ ಮಕ್ಕಳಿಗೆ, ಒಂದು ಸಲ ಡಾಕ್ಟರಿಗೆ ತೋರಿಸಿ ಮನೆಯಲ್ಲಿ ಔಷಧಿ ಕೊಡುತ್ತಾ ಇರುವ ಆ ಮೂರು ನಾಲ್ಕು ದಿನಕ್ಕೆ. 3 ತಿಂಗಳೊಳಗಿನ ಕೂಸಿನ ಮೈ ಬಿಸಿಯಾಗಿ, ಕಂಕುಳಲ್ಲಿ 99.5 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಬರೆಯುತ್ತಾ ಕೂರಬೇಡಿ. ಹಗಲೋ ರಾತ್ರಿಯೋ, ಕೂಡಲೇ ದವಾಖಾನೆಗೆ ಹೊರಡಿ.

ಏನೇನು ಬೇಕು

40 ಪುಟದ ಒಂದು ನೋಟ್‌ಬುಕ್. ದಾರ ಕಟ್ಟಿದ ಪೆನ್ನು. ದಾರ ಯಾಕೆ ಅಂದರೆ, ಜ್ವರ ಬಂದ ಮನೆಯಲ್ಲಿ ಮೊದಲು ಕಳೆಯೋದು ಪೆನ್ನೇ. ಒಂದು ಡಿಜಿಟಲ್ ಥರ್ಮಾಮೀಟರ್. ಔಷಧಿ ಅಳೆಯೋಕೆ ಬಾಟಲಿ ಜೊತೆ ಬಂದ ಗುರುತು ಇರುವ ಮುಚ್ಚಳ, ಅಥವಾ ಸೂಜಿ ಇಲ್ಲದ 5 ಎಂಎಲ್ ಸಿರಿಂಜ್. ಮೆಡಿಕಲ್ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಮತ್ತೆ ಎಲ್ಲರಿಗೂ ಕಾಣುವ ಒಂದು ಗೋಡೆ ಗಡಿಯಾರ.

ಮೊಬೈಲಲ್ಲಿ ಬರೆದರೆ ಆಗಲ್ವಾ ಅಂತ ಕೇಳುತ್ತೀರಿ. ಆಗುತ್ತದೆ. ಆದರೆ ನೀವು ಮೊಬೈಲ್ ತಗೊಂಡು ಕೆಲಸಕ್ಕೆ ಹೋದ ಮೇಲೆ ಅಜ್ಜಿ ಎಲ್ಲಿ ಬರೆಯಬೇಕು? ನೋಟ್‌ಬುಕ್ ಮನೆಯಲ್ಲೇ ಇರುತ್ತದೆ, ಮಗು ನೋಡಿಕೊಳ್ಳುವವರ ಕೈಗೆ ಸಿಗುತ್ತದೆ.

1. ಮೊದಲನೇ ಪುಟ: ಒಂದೇ ಸಲ ಬರೆಯೋದು

ಮಗುವಿನ ಹೆಸರು, ವಯಸ್ಸು ತಿಂಗಳಲ್ಲಿ, ಕೊನೇ ಸಲ ನೋಡಿದ ತೂಕ ಮತ್ತು ಅದರ ತಾರೀಖು. ತೂಕ ಮರೆಯಬೇಡಿ. ಮಕ್ಕಳ ಜ್ವರದ ಔಷಧಿ ಲೆಕ್ಕ ಹಾಕೋದು ತೂಕದ ಮೇಲೆ, ವಯಸ್ಸಿನ ಮೇಲೆ ಅಲ್ಲ.

ಯಾವುದಾದರೂ ಔಷಧಿ ಈ ಮೊದಲು ಒಗ್ಗದೆ ಮೈ ಮೇಲೆ ದದ್ದು ಎದ್ದಿದ್ದರೆ ಅದರ ಹೆಸರು. ಹಿಂದೆ ಜ್ವರದಲ್ಲಿ ಫಿಟ್ಸ್ ಬಂದಿದ್ದರೆ ಅದು. ಕಳೆದ ವಾರ ಲಸಿಕೆ ಹಾಕಿಸಿದ್ದರೆ ಅದರ ತಾರೀಖು.

ಕೆಳಗೆ ಒಂದು ಸಾಲು ದೊಡ್ಡದಾಗಿ: ಜ್ವರ ಮೊದಲು ಗೊತ್ತಾಗಿದ್ದು ಯಾವ ತಾರೀಖು, ಎಷ್ಟು ಗಂಟೆಗೆ. "ಮೂರು ದಿನದಿಂದ" ಅಂತ ಬರೆಯಬೇಡಿ. ಶನಿವಾರ ರಾತ್ರಿ ಶುರುವಾದ ಜ್ವರಕ್ಕೆ ಸೋಮವಾರ ಮುಂಜಾನೆ ಅಪ್ಪ ಎರಡು ದಿನ ಅಂತಾರೆ, ಅವ್ವ ಮೂರು ದಿನ ಅಂತಾಳೆ, ಇಬ್ಬರದೂ ಸರಿ. ತಾರೀಖು ಮತ್ತು ಗಂಟೆ ಬರೆದರೆ ಲೆಕ್ಕ ಡಾಕ್ಟರ್ ಮಾಡಿಕೊಳ್ಳುತ್ತಾರೆ. ಡೆಂಗಿ ಅನುಮಾನ ಇದ್ದಾಗ ಈ ಒಂದು ಸಾಲು ಎಷ್ಟು ಮುಖ್ಯ ಅಂತ ಕೊನೆಯಲ್ಲಿ ಹೇಳುತ್ತೇನೆ.

2. ದಿನಕ್ಕೊಂದು ಪುಟ, ಸಾಲಿಗೊಂದು ಹೊತ್ತು

ಪುಟದ ಮೇಲೆ ತಾರೀಖು ಹಾಕಿ. ಪುಟ ಮುಂಜಾನೆ 6ಕ್ಕೆ ಶುರುವಾಗಿ ಮರುದಿನ ಮುಂಜಾನೆ 6ಕ್ಕೆ ಮುಗಿಯಲಿ. ರಾತ್ರಿ 2 ಗಂಟೆಗೆ ಕೊಟ್ಟ ಔಷಧಿ ಯಾವ ದಿನದ್ದು ಅನ್ನೋ ಗೊಂದಲ ಇರೋದಿಲ್ಲ, 24 ಗಂಟೆಯ ಲೆಕ್ಕವೂ ಒಂದೇ ಪುಟದಲ್ಲಿ ಸಿಗುತ್ತದೆ.

ಖಾನೆ ಹಾಕಬೇಡಿ ಅಂತ ನಾನು ಹೇಳುತ್ತೇನೆ. ಸ್ಕೇಲ್ ಹಿಡಿದು ಚೆಂದದ ಐದು ಖಾನೆ ಎಳೆದವರು ಎರಡನೇ ದಿನಕ್ಕೆ ಬರೆಯೋದು ಬಿಟ್ಟಿದ್ದನ್ನೇ ನೋಡಿದ್ದೇನೆ. ಏನಾದರೂ ಆದಾಗ ಒಂದು ಸಾಲು, ಅಷ್ಟೇ. ಮೊದಲು ಗಂಟೆ, ಆಮೇಲೆ ಆಗಿದ್ದು. ಬರೆಯೋದು ನಾಲ್ಕೇ ವಿಷಯ: ಜ್ವರ, ಹೊಟ್ಟೆಗೆ ಹೋಗಿದ್ದು, ಉಚ್ಚೆ, ಔಷಧಿ. ವಾಂತಿ, ಭೇದಿ ಆದರೆ ಅದೂ ಒಂದು ಸಾಲು.

ಒಂದೇ ಒಂದು ನಿಯಮ ಇದೆ. ಕಂಡಿದ್ದನ್ನು ಬರೆಯಿರಿ, ಅನಿಸಿದ್ದನ್ನಲ್ಲ. "ಉರಿ ಭಾಳ ಇದ್ದವು" ಬೇಡ, "102.2" ಬರೆಯಿರಿ. "ಏನೂ ತಿಂದಿಲ್ಲ" ಬೇಡ, "ಗಂಜಿ 2 ಚಮಚ" ಬರೆಯಿರಿ. ಏನೂ ತಿಂದಿಲ್ಲ ಅಂದ ಮಗುವಿನ ಕೈಯಲ್ಲಿ ಬಿಸ್ಕಿಟ್ ಪುಡಿ ಕಂಡಾಗ ನಮಗೆ ಯಾವುದನ್ನು ನಂಬಬೇಕು ಗೊತ್ತಾಗೋದಿಲ್ಲ.

3. ಜ್ವರ ನೋಡೋದು

ಮನೆಯಲ್ಲಿ ಸುಲಭದ್ದು ಕಂಕುಳು. ಬೆವರು ಒರೆಸಿ. ಥರ್ಮಾಮೀಟರಿನ ತುದಿ ಬಟ್ಟೆಗಲ್ಲ, ಚರ್ಮಕ್ಕೆ ತಾಗಿರಬೇಕು. ತೋಳು ಮೈಗೆ ಒತ್ತಿ ಹಿಡಿದು, ಬೀಪ್ ಅಂದ ಮೇಲೆ ಸಂಖ್ಯೆ ನೋಡಿ. ಮಗು ಒದ್ದಾಡಿ ತೋಳು ಸರಿದಿದ್ದರೆ ಆ ಸಂಖ್ಯೆ ಬಿಡಿ, ಇನ್ನೊಂದು ಸಲ ನೋಡಿ.

ಕಂಕುಳಲ್ಲಿ ನೋಡಿದ್ದು ಬಾಯಿಯಲ್ಲಿ ನೋಡಿದ್ದಕ್ಕಿಂತ ಅರ್ಧದಿಂದ ಒಂದು ಡಿಗ್ರಿಯಷ್ಟು ಕಡಿಮೆ ಬರುತ್ತದೆ. ಅದಕ್ಕೆ ಕೆಲವರು ತಾವೇ ಒಂದು ಡಿಗ್ರಿ ಸೇರಿಸಿ ಬರೆಯುತ್ತಾರೆ. ಸೇರಿಸಬೇಡಿ. ಥರ್ಮಾಮೀಟರ್ ತೋರಿಸಿದ್ದನ್ನೇ ಬರೆದು ಪಕ್ಕದಲ್ಲಿ "ಕಂಕುಳು" ಅನ್ನಿ. ಇಲ್ಲವಾದರೆ ನೀವೂ ಒಂದು ಸೇರಿಸುತ್ತೀರಿ, ಡಾಕ್ಟರೂ ಮನಸ್ಸಿನಲ್ಲಿ ಒಂದು ಸೇರಿಸುತ್ತಾರೆ.

ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ಏಪ್ರಿಲ್, ಮೇ ತಿಂಗಳ ಬಿಸಿಲು, ಮೇಲೆ ಪತ್ರಾಸು, ಅದರ ಮೇಲೆ ಜ್ವರ ಅಂತ ಮಗುವಿಗೆ ಎರಡು ಕೌದಿ ಹೊದಿಸಿರುತ್ತಾರೆ. ಕೌದಿಯೊಳಗಿಂದ ತೆಗೆದ ಕೂಡಲೇ ನೋಡಿದರೆ ಸಂಖ್ಯೆ ಮೇಲೇ ಬರುತ್ತದೆ. ಕೌದಿ ತೆಗೆದು, ತೆಳ್ಳಗಿನ ಒಂದು ಅಂಗಿ ಹಾಕಿ, 15–20 ನಿಮಿಷ ಬಿಟ್ಟು ಮತ್ತೆ ನೋಡಿ. ಎರಡನ್ನೂ ಬರೆಯಿರಿ. ಸ್ನಾನ ಮಾಡಿಸಿದ ಮೇಲೆ, ಒದ್ದೆ ಬಟ್ಟೆಯಿಂದ ಮೈ ಒರೆಸಿದ ಮೇಲೆ ನೋಡೋದಾದರೂ ಅಷ್ಟೇ ಹೊತ್ತು ಬಿಡಿ.

ಎಷ್ಟು ಸಲ ನೋಡಬೇಕು? ಔಷಧಿ ಕೊಡುವ ಮೊದಲು ಒಂದು ಸಲ, ಕೊಟ್ಟು ಒಂದು ಗಂಟೆಯ ಮೇಲೆ ಒಂದು ಸಲ. ಮಧ್ಯೆ ಮೈ ಬಿಸಿ ಅನಿಸಿದರೆ ಇನ್ನೊಂದು ಸಲ. ಹದಿನೈದು ನಿಮಿಷಕ್ಕೊಮ್ಮೆ ನೋಡಿ ಪುಟ ತುಂಬಿಸಿದರೆ ಬೇಕಾದ ಸಾಲು ಹುಡುಕೋದೇ ಕಷ್ಟ. ಆ ಎರಡನೇ ಸಂಖ್ಯೆಯ ಪಕ್ಕ ಎರಡು ಶಬ್ದ ಸೇರಿಸಿ: ಜ್ವರ ಇಳಿದಾಗ ಮಗು ಏನು ಮಾಡುತ್ತಿತ್ತು. "ಆಟ ಆಡಿತು", "ತೊಡೆ ಬಿಟ್ಟು ಇಳಿಯಲಿಲ್ಲ", "ಕಣ್ಣು ತೆರೆಯಲಿಲ್ಲ". 103 ಇದ್ದೂ ಇಳಿದಾಗ ಆಡುವ ಮಗುವಿಗಿಂತ, 100 ಇದ್ದು ಮಂಕಾಗಿ ಬಿದ್ದಿರುವ ಮಗುವೇ ಡಾಕ್ಟರಿಗೆ ಜಾಸ್ತಿ ಚಿಂತೆ.

4. ಹೊಟ್ಟೆಗೆ ಹೋಗಿದ್ದು

ಎದೆಹಾಲಾದರೆ ಶುರುಮಾಡಿದ ಗಂಟೆ ಮತ್ತು ಎಷ್ಟು ನಿಮಿಷ ಕುಡಿಯಿತು. ಎಂಎಲ್ ಲೆಕ್ಕ ಗೊತ್ತಾಗೋದಿಲ್ಲ, ಬೇಕಾಗೂ ಇಲ್ಲ. ದಿನಾ 15 ನಿಮಿಷ ಕುಡಿಯುವ ಕೂಸು 3 ನಿಮಿಷಕ್ಕೆ ಬಾಯಿ ಬಿಟ್ಟರೆ ಅದೇ ಸುದ್ದಿ. ಹಾಗಾಗಿ ಮೊದಲನೇ ಪುಟದಲ್ಲಿ "ಹುಷಾರಿದ್ದಾಗ ದಿನಕ್ಕೆ 7–8 ಸಲ, 15 ನಿಮಿಷ" ಅಂತ ನಿಮ್ಮ ಮಗುವಿನ ರೂಢಿ ಬರೆದಿಡಿ.

ಬಾಟಲಿ ಹಾಲಾದರೆ ಹಾಕಿದ್ದು ಎಷ್ಟು, ಉಳಿದಿದ್ದು ಎಷ್ಟು. ತಯಾರಿಸಿದ ಅಷ್ಟನ್ನೂ ಕುಡಿದ ಹಾಗೆ ಬರೆಯೋದು ತುಂಬಾ ಜನ ಮಾಡುವ ತಪ್ಪು.

ನೀರು, ಓಆರ್‌ಎಸ್, ಎಳನೀರು, ಗಂಜಿ ಇವಕ್ಕೆಲ್ಲ ಮನೆಯಲ್ಲಿ ಒಂದೇ ವಾಟಿ ಇಟ್ಟುಕೊಳ್ಳಿ. ಸಿರಿಂಜಿನಿಂದ ನೀರು ಹಾಕಿ ಆ ವಾಟಿ ಎಷ್ಟು ಎಂಎಲ್ ಹಿಡಿಯುತ್ತದೆ ಅಂತ ಒಂದು ಸಲ ನೋಡಿ ಬರೆದಿಡಿ. ಆಮೇಲೆ "ಅರ್ಧ ವಾಟಿ" ಅಂದರೂ ನಮಗೆ ಲೆಕ್ಕ ಸಿಗುತ್ತದೆ. ಓಆರ್‌ಎಸ್ ಅಂದರೆ ಭೇದಿ, ವಾಂತಿಯಲ್ಲಿ ಕಳೆದ ನೀರು ಮತ್ತು ಉಪ್ಪನ್ನು ತುಂಬುವ ಪುಡಿ. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಸಣ್ಣ ಪೊಟ್ಟಣ 200 ಎಂಎಲ್ ನೀರಿಗೆ. ಪೊಟ್ಟಣದ ಮೇಲೆ ಎಷ್ಟು ಬರೆದಿದೆಯೋ ಅಷ್ಟಕ್ಕೆ ಇಡೀ ಪೊಟ್ಟಣ ಹಾಕಬೇಕು, ಚೂರು ಚೂರು ಪುಡಿ ಹಾಕಿ ಕಲಸೋದಲ್ಲ. ಕಲಸಿದ ಗಂಟೆಯನ್ನೂ ಬರೆಯಿರಿ, 24 ಗಂಟೆ ಆದ ಮೇಲೆ ಉಳಿದದ್ದನ್ನು ಚೆಲ್ಲಿ.

5. ಉಚ್ಚೆ: ಎಲ್ಲರೂ ಬಿಡುವ ಸಾಲು

ಜ್ವರ ಬರೆಯೋಕೆ ಯಾರಿಗೂ ಹೇಳಬೇಕಿಲ್ಲ. ಉಚ್ಚೆ ಬರೆಯಿರಿ ಅಂದರೆ ನಗುತ್ತಾರೆ. ಆದರೆ ಮಗುವಿನ ಮೈಯಲ್ಲಿ ನೀರು ಸಾಕಷ್ಟಿದೆಯಾ ಅಂತ ಮನೆಯಲ್ಲೇ ಗೊತ್ತಾಗುವ ಒಳ್ಳೇ ಗುರುತು ಇದೇ. ಜ್ವರದಲ್ಲಿ ಬೆವರಲ್ಲಿ, ಜೋರು ಉಸಿರಲ್ಲಿ ನೀರು ಹೋಗುತ್ತದೆ, ಮಗು ಕುಡಿಯೋದೂ ಕಡಿಮೆ. ಆಗ ಮೈ ನೀರು ಹಿಡಿದಿಟ್ಟುಕೊಳ್ಳುತ್ತದೆ. ಉಚ್ಚೆ ಕಡಿಮೆಯಾಗುತ್ತದೆ, ಬಣ್ಣ ಗಾಢವಾಗುತ್ತದೆ.

ಬರೆಯಬೇಕಾದ್ದು ಗಂಟೆ, ಅಂದಾಜು ಎಷ್ಟು (ಪೂರ್ತಿ ತೊಯ್ದಿದೆ, ಸ್ವಲ್ಪ), ಬಣ್ಣ (ನೀರಿನಂತೆ, ತಿಳಿ ಹಳದಿ, ಕಡು ಹಳದಿ). ಲಂಗೋಟಿ ಕಟ್ಟುವ ಮನೆಯಲ್ಲಿ ಇದು ಸುಲಭ. ಡೈಪರ್ ಹಾಕಿದರೆ ಮೋಸ ಹೋಗುತ್ತೀರಿ, ಅದು ಹೀರಿಕೊಂಡು ಒಣಗಿದ ಹಾಗೇ ಕಾಣುತ್ತದೆ. ಹೊಸ ಡೈಪರ್ ಒಂದು ಕೈಯಲ್ಲಿ, ಬಿಚ್ಚಿದ್ದು ಇನ್ನೊಂದು ಕೈಯಲ್ಲಿ ಹಿಡಿದು ನೋಡಿ, ಭಾರ ಗೊತ್ತಾಗುತ್ತದೆ. ಜ್ವರದ ದಿನಗಳಲ್ಲಿ ಹಗಲು ಹೊತ್ತು ಲಂಗೋಟಿಯೇ ಇರಲಿ ಅನ್ನೋದು ನನ್ನ ಮಾತು. ಒಗೆಯೋ ಕೆಲಸ ಜಾಸ್ತಿ, ಒಪ್ಪುತ್ತೇನೆ.

ನೀರಿನಂತೆ ಭೇದಿ ಆಗುತ್ತಿದ್ದರೆ ಉಚ್ಚೆ ಅದರಲ್ಲೇ ಬೆರೆತು ಹೋಗುತ್ತದೆ. ಆಗ ಡೈಪರಿನ ಮುಂಭಾಗದಲ್ಲಿ ಶುಭ್ರ ಬಿಳಿ ಬಟ್ಟೆಯ ತುಂಡು ಮಡಚಿ ಇಡಿ, ತೊಯ್ದರೆ ಕಾಣುತ್ತದೆ. ಗೊತ್ತಾಗಲಿಲ್ಲ ಅಂದರೆ "ಗೊತ್ತಾಗಲಿಲ್ಲ" ಅಂತಲೇ ಬರೆಯಿರಿ. ಅಂದಾಜಿಗೆ "ಹೊಯ್ದಿದೆ" ಅಂತ ಬರೆದರೆ ನಾವು ಅದನ್ನು ನಂಬಿ ಮನೆಗೆ ಕಳಿಸುತ್ತೇವೆ.

ಎಳೆ ಕೂಸು ಹುಷಾರಿದ್ದರೆ 24 ಗಂಟೆಯಲ್ಲಿ ಆರು ಅಥವಾ ಜಾಸ್ತಿ ಸಲ ಹೊಯ್ಯುತ್ತದೆ. ಒಂದು ವರ್ಷದೊಳಗಿನದು 6 ಗಂಟೆ, ಅದಕ್ಕಿಂತ ದೊಡ್ಡದು 8 ಗಂಟೆ ಹೊಯ್ಯದೇ ಇದ್ದರೆ ಜ್ವರ ಎಷ್ಟೇ ಇರಲಿ, ಡಾಕ್ಟರಿಗೆ ಹೇಳಬೇಕು.

ಅಕ್ಷರ ಬಾರದ ಅಜ್ಜಿ ಮನೆಯಲ್ಲಿದ್ದರೆ? ಕಲಾದಗಿ ಕಡೆಯ ಒಬ್ಬ ಆಯಿ ಲಂಗೋಟಿ ಬದಲಿಸಿದಾಗಲೆಲ್ಲ ಒಂದು ಹುಣಸೆ ಬೀಜ ವಾಟಿಗೆ ಹಾಕಿ ಇಟ್ಟಿದ್ದಳು. ಸೊಸೆ ಹೊಲದಿಂದ ಬಂದಾಗ ನಾಲ್ಕು ಬೀಜ. "ಕಡೀದು ಯಾವಾಗ ಹಾಕಿದ್ರಿ?" ಅಂದರೆ, "ನಳ ಬಂದಾಗ" ಅಂದಳಂತೆ. ನಳ ಬರುವ ಹೊತ್ತು ಊರಿಗೆಲ್ಲ ಗೊತ್ತು, ಹಾಗಾಗಿ ಗಂಟೆಯೂ ಸಿಕ್ಕಿತು. ಎಷ್ಟು ಸಲ ಅನ್ನೋದಕ್ಕಿಂತ ಕೊನೆಯದು ಯಾವಾಗ ಅನ್ನೋದನ್ನು ಮರೆಯದೇ ಕೇಳಿ ಬರೆದುಕೊಳ್ಳಿ.

6. ಔಷಧಿ: ಇಲ್ಲಿ ತಪ್ಪಿದರೆ ಮಗುವಿಗೇ ಪೆಟ್ಟು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

"ಜ್ವರದ ಔಷಧಿ 5 ಎಂಎಲ್" ಅಂತ ಬರೆದರೆ ನಮಗೆ ಏನೂ ಗೊತ್ತಾಗೋದಿಲ್ಲ. ಯಾಕಂದರೆ ಅದೇ ಪ್ಯಾರಸಿಟಮಾಲ್ ಅಂಗಡಿಯಲ್ಲಿ ಬೇರೆ ಬೇರೆ ಗಟ್ಟಿಯಲ್ಲಿ ಸಿಗುತ್ತದೆ. ಒಂದು ಬಾಟಲಿಯಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂ, ಇನ್ನೊಂದರಲ್ಲಿ 5 ಎಂಎಲ್‌ಗೆ 250 ಮಿಲಿಗ್ರಾಂ. ಹನಿ ಹನಿಯಾಗಿ ಕೊಡುವ ಡ್ರಾಪ್ಸ್ ಆದರೆ ಬರೀ 1 ಎಂಎಲ್‌ನಲ್ಲೇ 100 ಮಿಲಿಗ್ರಾಂ. ಮಿಲಿಗ್ರಾಂ ಅಂದರೆ ಔಷಧಿಯ ನಿಜವಾದ ತೂಕ, ಎಂಎಲ್ ಅಂದರೆ ಬರೀ ನೀರಿನ ಅಳತೆ.

ಲೆಕ್ಕ ನೋಡಿ. ಪ್ಯಾರಸಿಟಮಾಲ್ ಸಾಮಾನ್ಯವಾಗಿ ಒಂದು ಸಲಕ್ಕೆ ಮಗುವಿನ ಒಂದು ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ. 10 ಕಿಲೋ ಮಗುವಿಗೆ 100ರಿಂದ 150. ಮೊದಲನೇ ಬಾಟಲಿಯಿಂದ 5 ಎಂಎಲ್ ಕೊಟ್ಟರೆ 125, ಸರಿ ಇದೆ. ಅದು ಮುಗಿದು, ಅಂಗಡಿಯಲ್ಲಿ ಎರಡನೇ ನಮೂನೆಯ ಬಾಟಲಿ ಕೊಟ್ಟರು, ನೀವು ಅದೇ 5 ಎಂಎಲ್ ಕೊಟ್ಟಿರಿ ಅಂದರೆ ಮಗುವಿಗೆ ಹೋಗಿದ್ದು 250. ಡ್ರಾಪ್ಸ್ ಬಾಟಲಿಯಿಂದ 5 ಎಂಎಲ್ ಕೊಟ್ಟರೆ 500! ಈ ಲೆಕ್ಕ ಹೇಳಿದ್ದು ನೀವೇ ಡೋಸ್ ಹಾಕಿಕೊಳ್ಳಲಿ ಅಂತಲ್ಲ. ನಿಮ್ಮ ಚೀಟಿಯಲ್ಲಿ ಬರೆದದ್ದೇ ಡೋಸ್. ಬಾಟಲಿ ಬದಲಾದರೆ ಕೇಳದೇ ಕೊಡಬೇಡಿ ಅಂತ ಹೇಳೋಕೆ.

ಹಾಗಾಗಿ ಔಷಧಿಯ ಸಾಲು ಹೀಗಿರಲಿ: ಗಂಟೆ, ಔಷಧಿಯ ಹೆಸರು, ಲೇಬಲ್ ಮೇಲಿನ ಗಟ್ಟಿ (125/5 ಅಂತ ಬರೆದರೆ ಸಾಕು), ಎಷ್ಟು ಎಂಎಲ್, ಕೊಟ್ಟವರು ಯಾರು. ಊಟದ ಚಮಚದಲ್ಲಿ ಅಳೆಯಬೇಡಿ, ಒಂದೊಂದು ಮನೆಯ ಚಮಚ ಒಂದೊಂದು ಅಳತೆ.

ಕೊಟ್ಟವರ ಹೆಸರು ಯಾಕೆ? ನನ್ನ ಮನೆಯಲ್ಲೇ ಆಗಿದ್ದು. ನಾನು ರಾತ್ರಿ ಪಾಳಿಗೆ ಹೋಗುವ ಮೊದಲು ಮಗಳಿಗೆ ಔಷಧಿ ಕೊಟ್ಟು ಹೋದೆ. ಅರ್ಧ ಗಂಟೆಗೆ ಅತ್ತೆ ಕೊಟ್ಟರು, ನಮ್ಮ ಯಜಮಾನರು ಬಂದು "ಅಯ್ಯೋ, ಇನ್ನೂ ಬಿಸಿ ಇದೆ" ಅಂತ ಇನ್ನೊಂದು ಸಲ ಕೊಟ್ಟರು. ಅವತ್ತು ಏನೂ ಆಗಲಿಲ್ಲ, ಆದರೆ ಪ್ಯಾರಸಿಟಮಾಲ್ ಜಾಸ್ತಿಯಾದರೆ ಲಿವರ್‌ಗೆ ಹೊಡೆತ ಬೀಳುತ್ತದೆ, ಮೊದಲ ದಿನ ಮಗು ಚೆನ್ನಾಗೇ ಕಾಣುತ್ತಿರುತ್ತದೆ. ಆಮೇಲೆ ಮನೆಯಲ್ಲಿ ಒಂದು ಕಾಯಿದೆ ಮಾಡಿದೆವು. ಬಾಟಲಿ ಮತ್ತು ನೋಟ್‌ಬುಕ್ ಒಂದೇ ಡಬ್ಬಿಯಲ್ಲಿ. ಹಿಂದಿನ ಸಾಲು ಓದದೇ ಬಾಟಲಿ ತೆರೆಯುವಂತಿಲ್ಲ. ಎರಡು ಡೋಸ್ ನಡುವೆ ಕಡಿಮೆ ಅಂದರೂ 4 ಗಂಟೆ, 24 ಗಂಟೆಯಲ್ಲಿ ನಾಲ್ಕು ಸಲಕ್ಕಿಂತ ಜಾಸ್ತಿ ಇಲ್ಲ. ಡಾಕ್ಟರ್ 6 ಗಂಟೆಗೊಮ್ಮೆ ಅಂದಿದ್ದರೆ 6 ಗಂಟೆ. ಹೀಗೆ ಜಾಸ್ತಿ ಹೋಗಿದೆ ಅಂತ ಗೊತ್ತಾದರೆ, ಮಗು ಆಡುತ್ತಿದೆಯಲ್ಲ ಅಂತ ಕಾಯದೇ ಬಾಟಲಿ ಹಿಡಿದು ದವಾಖಾನೆಗೆ ಹೋಗಿ.

ಇನ್ನೊಂದು ಕಳ್ಳದಾರಿ ಇದೆ. ನೆಗಡಿಯ ಎಷ್ಟೋ ಸಿರಪ್‌ಗಳಲ್ಲಿ ಪ್ಯಾರಸಿಟಮಾಲ್ ಆಗಲೇ ಸೇರಿರುತ್ತದೆ. "ಜ್ವರಕ್ಕೊಂದು, ನೆಗಡಿಗೊಂದು" ಅಂತ ಎರಡೂ ಕೊಟ್ಟರೆ ಒಂದೇ ಔಷಧಿ ಎರಡು ಸಲ ಹೋಗುತ್ತದೆ. ಅಂಗಡಿಯಿಂದ ನೀವೇ ತಂದಿದ್ದು, ಪಕ್ಕದ ಮನೆಯವರು ಕೊಟ್ಟಿದ್ದು, ಮನೆ ಕಷಾಯ, ಎಲ್ಲವನ್ನೂ ಬರೆಯಿರಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಐಬುಪ್ರೊಫೆನ್ ಅಥವಾ ಮೆಫೆನಾಮಿಕ್ ಆಸಿಡ್ ಅಂತ ಲೇಬಲ್ ಮೇಲೆ ಇದ್ದರೆ ಅದನ್ನಂತೂ ಬಿಡದೇ ಬರೆಯಿರಿ. ಡೆಂಗಿ ಅನುಮಾನ ಇದ್ದಾಗ ಇವು ಬೇಡ ಅಂತಾರೆ, ರಕ್ತಸ್ರಾವದ ಭಯ ಇರುತ್ತದೆ.

ಔಷಧಿ ಕೊಟ್ಟ ಮೇಲೆ ವಾಂತಿಯಾದರೆ ಎಷ್ಟು ನಿಮಿಷಕ್ಕೆ ಆಯಿತು, ಔಷಧಿಯ ಬಣ್ಣ ಕಂಡಿತಾ ಅಂತ ಬರೆಯಿರಿ. ಮತ್ತೆ ಕೊಡಬೇಕಾ ಬೇಡವಾ ಅಂತ ಫೋನ್ ಮಾಡಿ ಕೇಳಿ. ಆ ನಿಮಿಷದ ಲೆಕ್ಕದ ಮೇಲೆಯೇ ಉತ್ತರ ಹೇಳುತ್ತಾರೆ.

ಒಂದು ಪುಟ ಹೇಗಿರುತ್ತದೆ ನೋಡಿ

14 ತಿಂಗಳ ಗಂಡು ಮಗು, 10 ಕಿಲೋ. ಜ್ವರ ಶುರುವಾಗಿದ್ದು ಭಾನುವಾರ ಸಂಜೆ 5ಕ್ಕೆ. ಇದು ಅವನ ಅವ್ವ ಬರೆದ ಸೋಮವಾರದ ಪುಟ, ತಿದ್ದದೇ ಹಾಗೇ ಇಟ್ಟಂತೆ:

ಮುಂಜಾನೆ 6:10 – 101.8 ಕಂಕುಳು
6:15 – ಪ್ಯಾರಸಿಟಮಾಲ್ 125/5, 5 ಎಂಎಲ್, ನಾನು
7:20 – 99.8, ಬಾಗಿಲ ತನಕ ನಡೆದ
7:30 – ಎದೆಹಾಲು 5 ನಿಮಿಷ
8:00 – ಉಚ್ಚೆ, ಸ್ವಲ್ಪ, ಹಳದಿ
9:40 – ಗಂಜಿ 3 ಚಮಚ, ಉಗುಳಿದ
11:00 – ನೀರು 2 ಚಮಚ
ಮಧ್ಯಾಹ್ನ 12:30 – 102.4 ಕಂಕುಳು
12:35 – ಪ್ಯಾರಸಿಟಮಾಲ್ 125/5, 5 ಎಂಎಲ್, ಆಯಿ
1:15 – ವಾಂತಿ, ನೀರು ಮಾತ್ರ
1:40 – 100.4, ತೊಡೆ ಬಿಟ್ಟು ಇಳಿಯಲಿಲ್ಲ
2:00 – ಎದೆಹಾಲು 3 ನಿಮಿಷ
3:45 – ಲಂಗೋಟಿ ಒಣಾ ಇದೆ

4 ಗಂಟೆಗೆ ನನ್ನ ಟೇಬಲ್ಲಿಗೆ ಬಂದಾಗ ತಾಯಿ ಹೇಳಿದ್ದು ಒಂದೇ ಮಾತು: "ನೂರಾ ಎರಡರ ಮ್ಯಾಲ ಹೋಗಿತ್ರೀ ಸಿಸ್ಟರ್." ಆಕೆಯ ಹೆದರಿಕೆ 12:30ರ ಸಾಲು. ಡಾಕ್ಟರ ಬೆರಳು ನಿಂತಿದ್ದು 8:00ರ ಸಾಲಿನ ಮೇಲೆ. ಅಲ್ಲಿಂದ ಕೆಳಗೆ ಸರಿಸುತ್ತಾ ಬಂದರು, ಇನ್ನೊಂದು ಉಚ್ಚೆ ಸಿಗಲಿಲ್ಲ. ಎಂಟು ಗಂಟೆ. ಆ ಎಂಟು ಗಂಟೆಯಲ್ಲಿ ಹೊಟ್ಟೆಗೆ ಹೋಗಿದ್ದು ಮೂರು ಸಾಲು, ಅದರಲ್ಲಿ ಒಂದನ್ನು ಉಗುಳಿದ್ದಾನೆ. ಆಮೇಲೆ ಇನ್ನೊಂದು ನೋಡಿದರು: ಮುಂಜಾನೆ ಜ್ವರ ಇಳಿದಾಗ ನಡೆದವನು ಮಧ್ಯಾಹ್ನ ಇಳಿದಾಗ ತೊಡೆ ಬಿಡಲಿಲ್ಲ.

ಔಷಧಿಯ ಎರಡೂ ಸಾಲು ಸರಿ ಇದ್ದವು, ನಡುವೆ ಆರು ಗಂಟೆ ದಾಟಿತ್ತು. ಹಾಗಾಗಿ ಜ್ವರದ ಔಷಧಿ ಬದಲಿಸಲಿಲ್ಲ. ನಾಲಿಗೆ, ಕಣ್ಣು, ಚರ್ಮ ನೋಡಿ, ಅಲ್ಲೇ ಕೂರಿಸಿ ಓಆರ್‌ಎಸ್ ಚಮಚ ಚಮಚವಾಗಿ, ಒಂದೆರಡು ನಿಮಿಷ ಬಿಟ್ಟು ಬಿಟ್ಟು ಕುಡಿಸೋಕೆ ಹೇಳಿದರು. ಗಟಗಟ ಕುಡಿಸಿದರೆ ವಾಂತಿಯಾಗುತ್ತದೆ. 5:20ಕ್ಕೆ ಹುಡುಗ ನಮ್ಮ ಬೆಂಚು ತೋಯಿಸಿದ. ಅವನ ಅವ್ವನಿಗೆ ಅಷ್ಟು ಖುಷಿ! ಬೆಂಚು ಒರೆಸೋ ಮೊದಲು ನೋಟ್‌ಬುಕ್ ತೆಗೆದು ಗಂಟೆ ಬರೆದಳು. ಸಲೈನ್ ಬೇಕಾಗಲಿಲ್ಲ.

7. ಡಾಕ್ಟರ್ ಮುಂದೆ ಇಡೋದು ಹೇಗೆ

ಸಾಲಿನಲ್ಲಿ ಕೂತಾಗ ಪುಟದ ಕೆಳಗೆ ಮೂರು ಸಾಲು ಬರೆದುಕೊಳ್ಳಿ. ಜ್ವರ ಶುರುವಾದ ತಾರೀಖು ಮತ್ತು ಇವತ್ತಿನ ಅತಿ ಜಾಸ್ತಿ ಸಂಖ್ಯೆ. ಕೊನೆಯ ಉಚ್ಚೆ ಎಷ್ಟೊತ್ತಿಗೆ. ಕೊನೆಯ ಔಷಧಿ ಯಾವುದು, ಎಷ್ಟೊತ್ತಿಗೆ. ಒಳಗೆ ಹೋದ ಕೂಡಲೇ ಇದನ್ನು ಓದಿ, ಆಮೇಲೆ ನೋಟ್‌ಬುಕ್ ಮುಂದೆ ಇಡಿ. ಎಲ್ಲಾ ಬಾಟಲಿಗಳನ್ನೂ ಒಂದು ಚೀಲದಲ್ಲಿ ತನ್ನಿ. "ಗುಲಾಬಿ ಬಣ್ಣದ ಔಷಧಿ" ಅಂದರೆ ನಮಗೆ ಹತ್ತು ಬಾಟಲಿ ನೆನಪಾಗುತ್ತವೆ.

ವಾಟ್ಸಾಪಲ್ಲಿ ಫೋಟೋ ಕಳಿಸೋದಾದರೆ ಪೂರ್ತಿ ಪುಟ, ತಾರೀಖು ಕಾಣುವ ಹಾಗೆ. ಕಳಿಸಿ ಉತ್ತರಕ್ಕೆ ಕಾಯುತ್ತಾ ಕೂರಬೇಡಿ. ಅವಸರ ಇದ್ದರೆ ಫೋನ್ ಮಾಡಿ.

8. ಬರೆಯೋದು ಬಿಟ್ಟು ಓಡಬೇಕಾದಾಗ

ಮಗು ಏನನ್ನೂ ಕುಡಿಯೋಕೆ, ಎದೆಹಾಲು ಹಿಡಿಯೋಕೆ ಆಗದಿದ್ದರೆ. ಕುಡಿದಿದ್ದೆಲ್ಲ ವಾಂತಿ ಮಾಡಿದರೆ. ಫಿಟ್ಸ್ ಬಂದರೆ. ಎಬ್ಬಿಸಿದರೂ ಸರಿಯಾಗಿ ಏಳದೇ ಮಂಕಾಗಿದ್ದರೆ. ಉಸಿರು ತಗೊಂಡಾಗ ಎದೆಗೂಡಿನ ಕೆಳಭಾಗ ಒಳಗೆ ಎಳೆದುಕೊಳ್ಳುತ್ತಿದ್ದರೆ. ಮಗು ಸುಮ್ನೆ ಇದ್ದಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ, ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷಕ್ಕೆ 40 ಅಥವಾ ಜಾಸ್ತಿ ಇದ್ದರೆ. ಇಷ್ಟರಲ್ಲಿ ಒಂದು ಕಂಡರೂ ಹೊರಡಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಫಿಟ್ಸ್ ಬಂದಾಗ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಚಮಚ, ನೀರು, ಉಳ್ಳಾಗಡ್ಡಿ ಏನನ್ನೂ ಇಡಬೇಡಿ. ಆಗಲೂ ಗಡಿಯಾರ ಮಾತ್ರ ನೋಡಿ, ಎಷ್ಟು ನಿಮಿಷ ಅನ್ನೋದು ಬೇಕಾಗುತ್ತದೆ.

9. ಜ್ವರ ಬಿಟ್ಟ ಮೇಲೂ ಎರಡು ದಿನ

ಜ್ವರ ಬಿಟ್ಟಿತು ಅಂದ ಕೂಡಲೇ ನೋಟ್‌ಬುಕ್ ಮೂಲೆಗೆ ಹೋಗುತ್ತದೆ. ಡೆಂಗಿಯಲ್ಲಿ ಅಪಾಯದ ಹೊತ್ತು ಶುರುವಾಗೋದೇ ಅಲ್ಲಿಂದ, ಸಾಮಾನ್ಯವಾಗಿ 3ನೇ ದಿನದಿಂದ 7ನೇ ದಿನದೊಳಗೆ, ಜ್ವರ ಇಳಿಯುವ ಹೊತ್ತಿಗೆ. ರಕ್ತನಾಳದಿಂದ ನೀರು ಹೊರಗೆ ಸೋರುತ್ತದೆ, ಹಾಗಾಗಿ ಥರ್ಮಾಮೀಟರ್ 98 ತೋರಿಸುತ್ತಿದ್ದರೂ ಮಗು ಹೊಟ್ಟೆ ನೋವು ಅಂತ ಅಳುತ್ತದೆ, ಪದೇ ಪದೇ ವಾಂತಿ ಮಾಡುತ್ತದೆ, ಕೈಕಾಲು ತಣ್ಣಗಾಗುತ್ತವೆ, ಉಚ್ಚೆ ನಿಲ್ಲುತ್ತದೆ. ಒಸಡಿನಲ್ಲಿ, ಮೂಗಿನಲ್ಲಿ ರಕ್ತವೂ ಕಾಣಬಹುದು. ಜ್ವರ ಬಿಟ್ಟಿದೆ, ಸುಸ್ತಿಗೆ ಮಲಗಿದೆ ಅಂತ ಮನೆಯವರು ಸುಮ್ಮನಿರುತ್ತಾರೆ. ಈ ಗುರುತುಗಳಲ್ಲಿ ಒಂದು ಕಂಡರೂ ಅದೇ ಹೊತ್ತಿಗೆ ಹೊರಡಬೇಕು. ಮೊದಲನೇ ಪುಟದಲ್ಲಿ ತಾರೀಖು ಮತ್ತು ಗಂಟೆ ಬರೆಯಿರಿ ಅಂದಿದ್ದು ಇದಕ್ಕೇ.

ಹಾಗಾಗಿ ಕೊನೆಯ ಜ್ವರದ ಸಾಲಿನ ಕೆಳಗೆ ಒಂದು ಗೆರೆ ಎಳೆಯಿರಿ. ಆ ಗೆರೆಯಿಂದ 48 ಗಂಟೆ ಜ್ವರ, ಔಷಧಿ ಬರೆಯದಿದ್ದರೂ ನಡೆಯುತ್ತದೆ, ಕುಡಿದಿದ್ದು ಮತ್ತು ಉಚ್ಚೆ ಬರೆಯುತ್ತಾ ಹೋಗಿ. ಆಮೇಲೆ ಮಗುವಿನ ತೂಕ ಇನ್ನೊಂದು ಸಲ ನೋಡಿಸಿ ಮೊದಲನೇ ಪುಟದಲ್ಲಿ ಹಳೇ ತೂಕ ಹೊಡೆದು ಹೊಸದು ಹಾಕಿ, ನೋಟ್‌ಬುಕ್ಕನ್ನು ಔಷಧಿ ಡಬ್ಬಿಯಲ್ಲೇ ಇಡಿ.